ಸ್ವಯಂ ನಿವೃತ್ತಿ ಅರ್ಜಿ: ಮೂರು ತಿಂಗಳ ಲೆಕ್ಕ ಶುರುವಾಗುವುದು ಯಾವ ದಿನದಿಂದ?

ಕೇಂದ್ರ ಸರ್ಕಾರಿ ಕಚೇರಿಗಳಲ್ಲಿ ಸ್ವಯಂ ನಿವೃತ್ತಿಯ ಮಾತು ಬಂದಾಗ ಎಲ್ಲರೂ ಹೇಳುವುದು ಒಂದೇ: 20 ವರ್ಷ ಸರ್ವೀಸ್ ಆಗಿದ್ದರೆ ಮೂರು ತಿಂಗಳ ನೋಟಿಸ್ ಕೊಟ್ಟು ಹೊರಬರಬಹುದು. ಮಾತು ಸರಿಯೇ. ಆದರೆ ಆ 20 ವರ್ಷವನ್ನು ಎಣಿಸುವುದು ಹೇಗೆ, ಮೂರು ತಿಂಗಳು ಯಾವ ದಿನದಿಂದ ಶುರು, ನೋಟಿಸ್ ಯಾರ ಹೆಸರಿಗೆ ಇರಬೇಕು ಎಂಬ ಮೂರು ಪ್ರಶ್ನೆಗಳಲ್ಲೇ ಬಹಳಷ್ಟು ಅರ್ಜಿಗಳು ಎಡವುತ್ತವೆ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಕೇಂದ್ರ ಕಚೇರಿಗಳಲ್ಲಿರುವ ಕನ್ನಡಿಗರಿಗೆ ಉಪಯೋಗವಾಗಲೆಂದು ಇಲ್ಲಿ ಕೇಂದ್ರದ ನಿಯಮವನ್ನೇ ಹಿಡಿದು ಬರೆದಿದೆ. ಕರ್ನಾಟಕ ಸರ್ಕಾರದ ನೌಕರರಿಗೆ ಕೆಸಿಎಸ್‌ಆರ್‌ನ 285ನೇ ನಿಯಮ ಬೇರೆಯೇ ಇದೆ. ಅವರು ಇದನ್ನು ಹಾಗೆಯೇ ಅನ್ವಯಿಸಿಕೊಳ್ಳಬಾರದು.

ಮೊದಲಿಗೆ ಒಂದು ಗೊಂದಲ ಬಗೆಹರಿಯಬೇಕು. 2019ರಲ್ಲಿ ಬಿಎಸ್‌ಎನ್‌ಎಲ್ ಮತ್ತು ಎಂಟಿಎನ್‌ಎಲ್ ತಮ್ಮ ನೌಕರರಿಗೆ ಕೊಟ್ಟದ್ದು ವಿಆರ್‌ಎಸ್ ಎಂಬ ವಿಶೇಷ ಯೋಜನೆ. ಅದರಲ್ಲಿ ಹೆಚ್ಚುವರಿ ಪರಿಹಾರದ ಹಣವಿತ್ತು, ಅರ್ಜಿ ಹಾಕಲು ಕೊನೆಯ ದಿನವಿತ್ತು. ಸಾಮಾನ್ಯ ಸರ್ಕಾರಿ ನೌಕರ ಸಲ್ಲಿಸುವ ಅರ್ಜಿ ಅಂಥದ್ದಲ್ಲ. ಅದು ಕೇಂದ್ರ ನಾಗರಿಕ ಸೇವಾ (ಪಿಂಚಣಿ) ನಿಯಮಗಳು 2021ರ 43ನೇ ನಿಯಮದ ಅಡಿ ಬರುತ್ತದೆ. 1972ರ ಹಳೆಯ ನಿಯಮಾವಳಿಯಲ್ಲಿ ಇದೇ 48-ಎ ಆಗಿತ್ತು, ಹಿರಿಯ ಗುಮಾಸ್ತರು ಈಗಲೂ ಹಾಗೆಯೇ ಕರೆಯುತ್ತಾರೆ. ಇಲ್ಲಿ ಪರಿಹಾರದ ಗಂಟು ಸಿಗುವುದಿಲ್ಲ. ಸಿಗುವುದು ದುಡಿದ ವರ್ಷಗಳಿಗೆ ಸಲ್ಲಬೇಕಾದ ಪಿಂಚಣಿ, ಗ್ರಾಚ್ಯುಯಿಟಿ, ಉಳಿದ ರಜೆಯ ನಗದು ಮತ್ತು ಉಳಿತಾಯದ ಹಣ. ಹಿಂದೆ ಸೇವೆಗೆ ಐದು ವರ್ಷದವರೆಗೆ ಸೇರಿಸಿ ಲೆಕ್ಕ ಹಾಕುವ ಸೌಲಭ್ಯವಿತ್ತು. 6ನೇ ವೇತನ ಆಯೋಗದ ನಂತರ, 2008ರಲ್ಲಿ, ಅದು ಹೋಯಿತು. ಬದಲಿಗೆ 20 ವರ್ಷ ಮುಗಿಸಿ ಸ್ವಯಂ ನಿವೃತ್ತಿ ಪಡೆದವರಿಗೂ ಮೂಲ ವೇತನದ ಅರ್ಧದಷ್ಟು, ಅಂದರೆ ಪೂರ್ಣ ಪಿಂಚಣಿ ಸಿಗುವಂತಾಯಿತು.

ಒಂದು ಅರ್ಜಿಯ ಕಥೆ

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಪುಣೆಯ ಒಂದು ಉಪಕಚೇರಿಯಲ್ಲಿ ಲೆಕ್ಕಪತ್ರ ವಿಭಾಗದ ಮಹಿಳಾ ನೌಕರರೊಬ್ಬರಿದ್ದಾರೆ. ಕೆಲಸಕ್ಕೆ ಸೇರಿದ್ದು 2005ರ ಜುಲೈ 11. ಹುದ್ದೆಯ ಪ್ರಕಟಣೆ 2003ರ ಡಿಸೆಂಬರ್ 22ಕ್ಕೂ ಮೊದಲೇ ಆಗಿದ್ದರಿಂದ, 2023ರಲ್ಲಿ ಕೇಂದ್ರ ಕೊಟ್ಟ ಒಂದು ಬಾರಿಯ ಅವಕಾಶ ಬಳಸಿ ಹಳೆ ಪಿಂಚಣಿಗೆ ಬಂದಿದ್ದಾರೆ. ಅವರ ಕಚೇರಿಯ ಮುಖ್ಯಸ್ಥರು ಪುಣೆಯಲ್ಲಿದ್ದಾರೆ. ಅವರನ್ನು ನೇಮಿಸುವ ಅಧಿಕಾರ ಇರುವ ಇಲಾಖಾ ಮುಖ್ಯಸ್ಥರು ಮುಂಬೈಯಲ್ಲಿ.

2025ರ ಜುಲೈ 10ಕ್ಕೆ 20 ವರ್ಷ ಆಯಿತೆಂದು ಅವರು ಲೆಕ್ಕ ಹಾಕಿದರು. ಡಿಸೆಂಬರ್ 26ರಂದು ಪುಣೆಯ ಅಧಿಕಾರಿಯ ಕೈಗೆ ಅರ್ಜಿ ಕೊಟ್ಟರು: 'ಮಾರ್ಚ್ 31ರಿಂದ ನನ್ನನ್ನು ನಿವೃತ್ತಿಗೊಳಿಸಬೇಕು'. ಮೂರು ತಿಂಗಳ ಮೇಲೆ ಐದು ದಿನ ಹೆಚ್ಚೇ ಇದೆ ಎಂಬ ಸಮಾಧಾನ. ಆ ಅಧಿಕಾರಿ ರಜೆಯ ಮೇಲೆ ಹೋದರು, ಅರ್ಜಿ ಮೇಜಿನಲ್ಲೇ ಉಳಿಯಿತು. ಶಿಫಾರಸು ಬರೆದು ಕಳಿಸಿದ್ದು ಜನವರಿ 19ಕ್ಕೆ. ಮುಂಬೈ ಕಚೇರಿಯ ಡೈರಿಯಲ್ಲಿ ಅದಕ್ಕೆ ನಂಬರ್ ಬಿದ್ದದ್ದು ಜನವರಿ 22ರಂದು.

ಇಲ್ಲಿ ಎರಡು ತೊಡಕುಗಳಿವೆ. ಒಂದನೆಯದು ದಿನಾಂಕದ್ದು. ನೋಟಿಸನ್ನು ನೇಮಕಾತಿ ಪ್ರಾಧಿಕಾರಕ್ಕೆ ಕೊಡಬೇಕು, ಅವಧಿ ಮೂರು ತಿಂಗಳಿಗಿಂತ ಕಡಿಮೆ ಇರಬಾರದು ಎನ್ನುತ್ತದೆ ನಿಯಮ. ಪುಣೆಯ ಅಧಿಕಾರಿ ಆ ಪ್ರಾಧಿಕಾರವಲ್ಲ, ಅವರು ನಡುವಿನ ಮೆಟ್ಟಿಲು ಮಾತ್ರ. ಆದ್ದರಿಂದ ಮುಂಬೈಗೆ ತಲುಪಿದ ದಿನದಿಂದ ಎಣಿಸುವುದೇ ಕ್ಷೇಮ. ಹಾಗೆ ಎಣಿಸಿದರೆ ಮೂರು ತಿಂಗಳು ತುಂಬುವುದು ಏಪ್ರಿಲ್ 22ಕ್ಕೆ. ಮಾರ್ಚ್ 31 ಎಂದು ಬರೆದ ಅರ್ಜಿ ಈಗ ಅವಧಿ ಸಾಲದ ನೋಟಿಸ್ ಆಯಿತು. ಅವಧಿ ಕಡಿಮೆ ಮಾಡಿ ಎಂದು ಕಾರಣ ಕೊಟ್ಟು ಕೇಳಲು ಅವಕಾಶವಿದೆ, ಆಡಳಿತಕ್ಕೆ ತೊಂದರೆ ಇಲ್ಲದಿದ್ದರೆ ಪ್ರಾಧಿಕಾರ ಒಪ್ಪಲೂಬಹುದು. ಆದರೆ ಈ ಅರ್ಜಿಯಲ್ಲಿ ಅಂಥ ಕೋರಿಕೆಯೇ ಇಲ್ಲ.

ಎರಡನೆಯದು ಇದಕ್ಕಿಂತ ದೊಡ್ಡದು. ಇವರು 2011–12ರಲ್ಲಿ ಪತಿಯ ವರ್ಗಾವಣೆಯಾದ ಚೆನ್ನೈಗೆ ಹೋಗಿ ಹತ್ತು ತಿಂಗಳು ಅಸಾಧಾರಣ ರಜೆಯಲ್ಲಿದ್ದರು, ಅಂದರೆ ಸಂಬಳವಿಲ್ಲದ ರಜೆ. ವೈದ್ಯಕೀಯ ಪ್ರಮಾಣಪತ್ರದ ಮೇಲೆ ಪಡೆದ ಅಸಾಧಾರಣ ರಜೆ ಸೇವೆಯ ಲೆಕ್ಕಕ್ಕೆ ಸೇರುತ್ತದೆ. ಸ್ವಂತ ಕಾರಣಕ್ಕೆ ಪಡೆದದ್ದು ಸೇರುವುದಿಲ್ಲ. ಹೀಗಾಗಿ ಅವರ ಅರ್ಹತಾದಾಯಕ ಸೇವೆ 20 ವರ್ಷ ತುಂಬುವುದು 2025ರ ಜುಲೈಯಲ್ಲಿ ಅಲ್ಲ, 2026ರ ಮೇ 10ರ ಸುಮಾರಿಗೆ. ಕೆಲಸಕ್ಕೆ ಸೇರಿದ ದಿನದಿಂದ ಕ್ಯಾಲೆಂಡರ್ ನೋಡಿ ಎಣಿಸಿದ 20 ವರ್ಷವೂ ಪಿಂಚಣಿ ನಿಯಮದ 20 ವರ್ಷವೂ ಒಂದೇ ಆಗಿರಬೇಕೆಂದಿಲ್ಲ. ಅನಧಿಕೃತ ಗೈರುಹಾಜರಿ ಮತ್ತು ಮುಷ್ಕರದ ದಿನಗಳೂ ಸರ್ವಿಸ್ ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಕುಳಿತಿರಬಹುದು.

ಇದಕ್ಕೆ ಪರಿಹಾರ ಅರ್ಜಿಗಿಂತ ಮೊದಲಿನ ಇನ್ನೊಂದು ಪತ್ರ. ನೋಟಿಸ್ ಕೊಡುವ ಮುನ್ನ 20 ವರ್ಷ ನಿಜಕ್ಕೂ ತುಂಬಿದೆಯೇ ಎಂದು ನೌಕರ ಕಚೇರಿಯಿಂದ ಖಚಿತಪಡಿಸಿಕೊಳ್ಳಬೇಕು ಎಂದು ಸರ್ಕಾರದ ಸೂಚನೆಯೇ ಇದೆ. 18 ವರ್ಷದ ಸೇವೆ ಆದ ಮೇಲೆ ಕಚೇರಿಯೇ ಲೆಕ್ಕಪತ್ರ ಶಾಖೆಯ ಜೊತೆ ಸೇವೆಯನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡಬೇಕೆಂಬ ನಿಯಮವೂ ಇದೆ. ಕೇಳದೆ ಇದನ್ನು ಕೊಡುವ ಕಚೇರಿಗಳು ಕಡಿಮೆ. ಸೇರಿದ ದಿನಾಂಕ, ರಜೆಗಳ ಅವಧಿ, ನಡುವೆ ಬೇರೆ ಇಲಾಖೆಯಲ್ಲಿ ದುಡಿದಿದ್ದರೆ ಅದರ ವಿವರ ಬರೆದು 'ಇಂದಿನವರೆಗಿನ ನನ್ನ ಅರ್ಹತಾದಾಯಕ ಸೇವೆ ಎಷ್ಟೆಂದು ತಿಳಿಸಿ' ಎಂದು ಒಂದು ಸರಳ ಪತ್ರ ಹಾಕಬೇಕು. ಉತ್ತರ ಬರಲು ತಿಂಗಳುಗಟ್ಟಲೆ ಹಿಡಿಯಬಹುದು. ಹಳೆಯ ಕಚೇರಿಯ ಪುಟಗಳಿಗೆ ಸಹಿ ಬಿದ್ದಿಲ್ಲ ಎಂಬಂಥ ಸಂಗತಿ ಹೊರಬರುವುದೂ ಆಗಲೇ. ಅದು ನೋಟಿಸ್ ಅವಧಿಯ ಮಧ್ಯದಲ್ಲಿ ಹೊರಬಂದರೆ ಅರ್ಜಿಯೇ ಬಿದ್ದುಹೋಗುತ್ತದೆ.

ಪುಣೆಯ ನೌಕರರು ಈಗ ಏನು ಮಾಡಬೇಕು? ಮಾರ್ಚ್ ಅರ್ಜಿಯನ್ನು ಲಿಖಿತವಾಗಿ ಹಿಂಪಡೆದು, ಸೇವಾ ಪರಿಶೀಲನೆ ಪಡೆದು, 20 ವರ್ಷ ತುಂಬಿದ ಮೇಲೆ, ಮೇ 18ರ ಹೊತ್ತಿಗೆ ಹೊಸ ನೋಟಿಸ್ ಕೊಡುವುದು. ನಿವೃತ್ತಿಯ ದಿನ ಆಗಸ್ಟ್ 31ರ ಅಪರಾಹ್ನ. ಮೂರು ತಿಂಗಳು ಆಗಸ್ಟ್ 18ಕ್ಕೇ ತುಂಬಿದರೂ ಅರ್ಜಿ ದಾರಿಯಲ್ಲಿ ತಡವಾದರೆಂದು ಹದಿಮೂರು ದಿನದ ಅವಕಾಶ ಉಳಿಯಿತು.

ಈ ತಡದಲ್ಲಿ ಅವರಿಗೆ ಒಂದು ಲಾಭವೂ ಇದೆ. ಅವರ ವಾರ್ಷಿಕ ಬಡ್ತಿ ಜುಲೈ 1ರಂದು. 7ನೇ ವೇತನ ಆಯೋಗದ ಪಟ್ಟಿಯ ಏಳನೇ ಹಂತದಲ್ಲಿ ಮೂಲ ವೇತನ 58,600 ರೂಪಾಯಿ ಇದ್ದದ್ದು ಅಂದು 60,400 ಆಗುತ್ತದೆ. ಪಿಂಚಣಿ ಎಂದರೆ ಕೊನೆಯ ಮೂಲ ವೇತನದ ಅರ್ಧ ಅಥವಾ ಕೊನೆಯ ಹತ್ತು ತಿಂಗಳ ಸರಾಸರಿಯ ಅರ್ಧ, ಯಾವುದು ಹೆಚ್ಚೋ ಅದು. ಮಾರ್ಚ್‌ನಲ್ಲಿ ಹೊರಬಂದಿದ್ದರೆ, ಸೇವೆ ತುಂಬಿತ್ತು ಎಂದೇ ಇಟ್ಟುಕೊಂಡರೂ, 29,300 ಆಗುತ್ತಿತ್ತು. ಆಗಸ್ಟ್‌ನಲ್ಲಿ ಹೊರಬಂದರೆ 30,200. ತಿಂಗಳಿಗೆ 900 ರೂಪಾಯಿ, ಅದರ ಮೇಲೆ ತುಟ್ಟಿ ಪರಿಹಾರ, ಬದುಕಿರುವಷ್ಟು ಕಾಲ. ನಿವೃತ್ತಿಯ ದಿನವನ್ನು ನೌಕರನೇ ಆರಿಸಿಕೊಳ್ಳುವ ಅಪರೂಪದ ಸಂದರ್ಭ ಇದು. ಆದರೂ ಜೂನ್ ತಿಂಗಳಲ್ಲೇ ಹೊರಬಂದು ಬಡ್ತಿ ಕೈಬಿಟ್ಟವರು ಎಲ್ಲ ಕಚೇರಿಗಳಲ್ಲೂ ಸಿಗುತ್ತಾರೆ.

ಅರ್ಜಿಯ ಒಕ್ಕಣೆ

ಅರ್ಜಿ ಒಂದು ಪುಟ ದಾಟಬೇಕಿಲ್ಲ. ಕೇಂದ್ರ ಕಚೇರಿಗಳಲ್ಲಿ ಇದನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೊಡಬೇಕಾಗುತ್ತದೆ. ಏನೇನು ಇರಬೇಕೆಂದು ತಿಳಿಯಲು ಕನ್ನಡದಲ್ಲಿ ಹೀಗೆ:

ಗೆ,
ಇಲಾಖಾ ಮುಖ್ಯಸ್ಥರು (ನೇಮಕಾತಿ ಪ್ರಾಧಿಕಾರ), ಮುಂಬೈ

ಮೂಲಕ: ಕಚೇರಿ ಮುಖ್ಯಸ್ಥರು, ಪುಣೆ (ಸೂಕ್ತ ಮಾರ್ಗದಲ್ಲಿ)

ಮಾನ್ಯರೇ,

ವಿಷಯ: ಪಿಂಚಣಿ ನಿಯಮಗಳು 2021ರ ನಿಯಮ 43ರ ಅಡಿ ಸ್ವಯಂ ನಿವೃತ್ತಿಗೆ ಮೂರು ತಿಂಗಳ ನೋಟಿಸ್

ಉಲ್ಲೇಖ: ಅರ್ಹತಾದಾಯಕ ಸೇವೆ ಕುರಿತ ತಮ್ಮ ಕಚೇರಿಯ ಪತ್ರ, ಸಂಖ್ಯೆ ಮತ್ತು ದಿನಾಂಕ

ನಾನು ದಿನಾಂಕ 11-07-2005ರಂದು ಸೇವೆಗೆ ಸೇರಿದ್ದು, ಮೇಲಿನ ಪತ್ರದಂತೆ 20 ವರ್ಷಗಳ ಅರ್ಹತಾದಾಯಕ ಸೇವೆ ಪೂರೈಸಿರುತ್ತೇನೆ. ವೈಯಕ್ತಿಕ ಕಾರಣದಿಂದ ದಿನಾಂಕ 31-08-2026ರ ಅಪರಾಹ್ನದಿಂದ ಸ್ವಯಂ ನಿವೃತ್ತಿ ಹೊಂದಲು ಬಯಸಿ ಈ ನೋಟಿಸ್ ನೀಡುತ್ತಿದ್ದೇನೆ. ನನ್ನ ವಿರುದ್ಧ ಇಲಾಖಾ ವಿಚಾರಣೆ ಅಥವಾ ನ್ಯಾಯಾಲಯದ ಮೊಕದ್ದಮೆ ಬಾಕಿ ಇರುವುದಿಲ್ಲ. ನೋಟಿಸನ್ನು ಅಂಗೀಕರಿಸಿ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ, ಹೆಸರು, ಹುದ್ದೆ, ನೌಕರರ ಸಂಖ್ಯೆ)

ಮುಂಗಡ ಪ್ರತಿ: ಇಲಾಖಾ ಮುಖ್ಯಸ್ಥರು, ಮುಂಬೈ, ನೇರವಾಗಿ

ಕೊನೆಯ ಸಾಲನ್ನು ಯಾರೂ ಬಿಡಬಾರದು. ಸೂಕ್ತ ಮಾರ್ಗ ಎಂದರೆ ಅರ್ಜಿ ಮೇಲಧಿಕಾರಿಯ ಶಿಫಾರಸಿನೊಂದಿಗೆ ಹಂತಹಂತವಾಗಿ ಹೋಗುವುದು. ಅದನ್ನು ತಪ್ಪಿಸಿ ನೇರವಾಗಿ ಮಾತ್ರ ಕಳಿಸಿದರೆ ಶಿಸ್ತಿನ ಪ್ರಶ್ನೆ ಬರುತ್ತದೆ, ಅರ್ಜಿ ಕೆಳಗೆ ವಾಪಸಾಗುತ್ತದೆ. ಸೂಕ್ತ ಮಾರ್ಗವನ್ನೇ ನೆಚ್ಚಿ ಕುಳಿತರೆ ಮೇಜಿನಲ್ಲೇ ಉಳಿಯುತ್ತದೆ. ಮುಂಗಡ ಪ್ರತಿಯನ್ನು ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದರೆ ಅದು ಮುಂಬೈಗೆ ತಲುಪಿದ ದಿನಾಂಕಕ್ಕೆ ದಾಖಲೆ ಸಿಗುತ್ತದೆ. ಕೆಳಗಿನ ಕಚೇರಿಯಲ್ಲಿ ಕೊಟ್ಟ ಪ್ರತಿಗೂ ಮೊಹರು, ದಿನಾಂಕ, ಡೈರಿ ನಂಬರ್ ಹಾಕಿಸಿಕೊಳ್ಳಬೇಕು. ಇ-ಆಫೀಸ್ ಇರುವಲ್ಲಿ ರಸೀತಿ ಸಂಖ್ಯೆ ಬರೆದಿಟ್ಟುಕೊಂಡರೆ ಸಾಕು.

ಕಾರಣದ ಬಗ್ಗೆ ಹೆಚ್ಚು ಬರೆಯುವುದು ಬೇಡ. ಪೂರ್ಣ ಮೂರು ತಿಂಗಳ ನೋಟಿಸಿಗೆ ಕಾರಣ ವಿವರಿಸಬೇಕಿಲ್ಲ. ಅವಧಿ ಕಡಿಮೆ ಮಾಡಲು ಕೇಳುವವರು ಮಾತ್ರ ಕಾರಣ ಬರೆಯಬೇಕು. ಹಾಗೆ ಬೇಗ ಹೊರಬಂದವರು, ಮೂಲ ಮೂರು ತಿಂಗಳು ಮುಗಿಯುವವರೆಗೆ ಪಿಂಚಣಿಯ ಒಂದು ಭಾಗವನ್ನು ಒಟ್ಟಿಗೆ ನಗದಾಗಿ ಪಡೆಯುವ ಅರ್ಜಿ ಹಾಕುವಂತಿಲ್ಲ. 'ವರ್ಗಾವಣೆ ರದ್ದು ಮಾಡದಿದ್ದರೆ ಇದನ್ನೇ ಸ್ವಯಂ ನಿವೃತ್ತಿ ಎಂದು ತಿಳಿಯಿರಿ' ಎಂದು ಸಿಟ್ಟಿನಲ್ಲಿ ಬರೆದುಕೊಡುವವರೂ ಉಂಟು. ಷರತ್ತಿನ ಇಂಥ ಪತ್ರ ನೋಟಿಸ್ ಎನಿಸಿಕೊಳ್ಳುವುದೇ ಕಷ್ಟ. ಕಚೇರಿಗೆ ಬೇಕಾದಾಗ ಅದು ನೋಟಿಸ್, ಬೇಡವಾದಾಗ ದೂರು.

ಇನ್ನೊಂದು ಪದದ ಮೇಲೆ ನಿಗಾ ಇರಲಿ. ಅರ್ಜಿಯಲ್ಲಿ ಎಲ್ಲಿಯೂ 'ರಾಜೀನಾಮೆ' ಎಂದು ಬರೆಯಬಾರದು. ಪಿಂಚಣಿ ನಿಯಮಗಳಲ್ಲಿ ರಾಜೀನಾಮೆ ಕೊಟ್ಟವರ ಹಿಂದಿನ ಸೇವೆಯೇ ರದ್ದಾಗುತ್ತದೆ. ದೆಹಲಿಯ ವಿದ್ಯುತ್ ಮಂಡಳಿಯ ನೌಕರರೊಬ್ಬರು 1990ರಲ್ಲಿ ರಾಜೀನಾಮೆ ಕೊಟ್ಟು, ಅದನ್ನು ಸ್ವಯಂ ನಿವೃತ್ತಿ ಎಂದು ಪರಿಗಣಿಸಿ ಪಿಂಚಣಿ ಕೊಡಬೇಕೆಂದು ಕೇಳಿದ್ದರು. ಹೈಕೋರ್ಟಿನಲ್ಲಿ ಗೆದ್ದರೂ 2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ರಾಜೀನಾಮೆ ಬೇರೆ, ಸ್ವಯಂ ನಿವೃತ್ತಿ ಬೇರೆ, ಒಂದನ್ನು ಇನ್ನೊಂದಾಗಿ ಓದಲಾಗದು ಎಂಬುದೇ ತೀರ್ಪಿನ ತಿರುಳು.

ಉತ್ತರವೇ ಬರದಿದ್ದರೆ

43ನೇ ನಿಯಮದ ಅಡಿ ನೋಟಿಸಿಗೆ ಪ್ರಾಧಿಕಾರದ ಒಪ್ಪಿಗೆ ಬೇಕು. ಆದರೆ ಅದೇ ನಿಯಮದಲ್ಲಿ ನೌಕರನ ಪರವಾದ ಒಂದು ಸಾಲಿದೆ: ನೋಟಿಸ್ ಅವಧಿ ಮುಗಿಯುವ ಮೊದಲು ಪ್ರಾಧಿಕಾರ ಅನುಮತಿ ನಿರಾಕರಿಸದಿದ್ದರೆ, ಅವಧಿ ಮುಗಿದ ದಿನದಿಂದ ನಿವೃತ್ತಿ ತಾನಾಗಿಯೇ ಜಾರಿಗೆ ಬರುತ್ತದೆ. ಹಿಮಾಚಲ ಪ್ರದೇಶದ ಒಂದು ವಿಧಾನಸಭಾ ಚುನಾವಣೆಯ ವಿವಾದವೂ ಈ ಸಾಲಿನ ಮೇಲೇ ನಿಂತಿತ್ತು. ನಾಮಪತ್ರ ಹಾಕಿದವರೊಬ್ಬರು ಆ ಹೊತ್ತಿಗೆ ಸರ್ಕಾರಿ ನೌಕರರೇ ಅಥವಾ ಸ್ವಯಂ ನಿವೃತ್ತರೇ ಎಂಬುದು ಪ್ರಶ್ನೆ. ನಿರಾಕರಣೆ ಅವಧಿಯೊಳಗೆ ಅವರಿಗೆ ತಲುಪದ ಕಾರಣ ಅವರು ನಿವೃತ್ತರಾಗಿದ್ದರು ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಕಾನೂನು ಹೀಗಿದ್ದರೂ ಮರುದಿನದಿಂದ ಸುಮ್ಮನೆ ಕಚೇರಿಗೆ ಹೋಗದೆ ಇರುವುದು ಜಾಣತನವಲ್ಲ. ಆದೇಶವಿಲ್ಲದೆ ಪಿಂಚಣಿ ಕಡತ ಚಲಿಸುವುದಿಲ್ಲ, ಹಾಜರಿ ಪುಸ್ತಕದಲ್ಲಿ ಗೈರು ಬೀಳುತ್ತದೆ. ಅವಧಿ ಮುಗಿಯಲು ಎರಡು-ಮೂರು ವಾರ ಇರುವಾಗ ಒಂದು ಜ್ಞಾಪನ ಪತ್ರ ಹಾಕಬೇಕು. ಕೊನೆಯ ದಿನ, 'ನಿರಾಕರಣೆಯ ಆದೇಶ ಬಂದಿಲ್ಲದ ಕಾರಣ ನಿಯಮ 43ರಂತೆ ಇಂದು ಅಪರಾಹ್ನ ನಿವೃತ್ತನಾಗಿದ್ದೇನೆ' ಎಂದು ಬರೆದು, ಕಡತ, ಕೀಲಿ, ಗುರುತಿನ ಚೀಟಿ ಒಪ್ಪಿಸಿ, ಪ್ರಭಾರ ವಹಿಸಿಕೊಟ್ಟ ಪತ್ರಕ್ಕೆ ಸಹಿ ಪಡೆಯಬೇಕು.

ನಿರಾಕರಣೆ ಎಲ್ಲ ಕಾರಣಕ್ಕೂ ಬರುವುದಿಲ್ಲ. ಸಾಮಾನ್ಯವಾಗಿ ಒಪ್ಪಿಗೆ ಕೊಡಬೇಕೆಂಬುದೇ ಸರ್ಕಾರದ ಮಾರ್ಗಸೂಚಿ. ಅದಕ್ಕೆ ಅಪವಾದ ಎರಡು: ವಜಾ ಮಾಡುವಂಥ ದೊಡ್ಡ ದಂಡನೆಯ ಶಿಸ್ತು ಕ್ರಮ ಬಾಕಿ ಅಥವಾ ಆಲೋಚನೆಯಲ್ಲಿ ಇರುವುದು, ಇಲ್ಲವೇ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿರುವುದು ಅಥವಾ ಹೂಡಲಿರುವುದು. 'ಆಲೋಚನೆಯಲ್ಲಿ' ಎಂಬ ಪದಕ್ಕೆ ಸಿಕ್ಕಿಕೊಂಡವರು ಇದ್ದಾರೆ. ಹಳೆಯ ಆಡಿಟ್ ಆಕ್ಷೇಪಣೆ, ಉತ್ತರಿಸದ ಮೆಮೊ ಬಾಕಿ ಇದ್ದರೆ ನೋಟಿಸಿಗೆ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು.

ನೋಟಿಸ್ ಕೊಟ್ಟ ಮೇಲೆ ಮನಸ್ಸು ಬದಲಾದರೆ? ಹಿಂಪಡೆಯಲು ಪ್ರಾಧಿಕಾರದ ಒಪ್ಪಿಗೆ ಬೇಕು, ಕೋರಿಕೆ ನಿವೃತ್ತಿಯ ದಿನಕ್ಕೆ ಮೊದಲೇ ಹೋಗಬೇಕು. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಫೋಟೊ ವಿಭಾಗದ ಲೆಕ್ಕಿಗರೊಬ್ಬರು 1981ರ ಮಾರ್ಚ್ 31ರಿಂದ ನಿವೃತ್ತಿಗೆ ನೋಟಿಸ್ ಕೊಟ್ಟು, ಸಹೋದ್ಯೋಗಿಗಳ ಒತ್ತಾಯದಿಂದ ಜನವರಿ ಕೊನೆಯಲ್ಲೇ ಹಿಂಪಡೆದರು. ಇಲಾಖೆ ಒಪ್ಪಲಿಲ್ಲ. 1987ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು, ಸಕಾರಣವಿಲ್ಲದೆ ಒಪ್ಪಿಗೆ ತಡೆಯುವಂತಿಲ್ಲ ಎಂದಿತು. ಆದರೆ ಅವರ ಜಾಗಕ್ಕೆ ಇಲಾಖೆ ಆಗಲೇ ಬೇರೆಯವರನ್ನು ವ್ಯವಸ್ಥೆ ಮಾಡಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದೂ ಸೇರಿಸಿತು. ಆದ್ದರಿಂದ ಹಿಂಪಡೆಯುವ ಮನಸ್ಸಿದ್ದರೆ ಅಂದೇ ಬರೆಯಬೇಕು, ಅದಕ್ಕೂ ಅದೇ ಮಾರ್ಗ, ಅದೇ ಮುಂಗಡ ಪ್ರತಿ.

ಎನ್‌ಪಿಎಸ್, ಯುಪಿಎಸ್‌ನವರಿಗೆ

2004ರ ಜನವರಿ 1ರಿಂದ ಸೇವೆಗೆ ಬಂದವರಲ್ಲಿ ಮೊದಲಿಗರು 2024ರಲ್ಲಿ 20 ವರ್ಷ ಮುಗಿಸಿದರು. ಅವರಿಗೆ ಎನ್‌ಪಿಎಸ್ ಜಾರಿ ನಿಯಮಗಳು 2021 ಅನ್ವಯ. 20 ವರ್ಷ, ಮೂರು ತಿಂಗಳು, ನೇಮಕಾತಿ ಪ್ರಾಧಿಕಾರದ ಒಪ್ಪಿಗೆ, ಉತ್ತರ ಬರದಿದ್ದರೆ ತಾನಾಗಿ ಜಾರಿ: ಈ ಚೌಕಟ್ಟೆಲ್ಲ ಹಾಗೆಯೇ ಇದೆ. ಅರ್ಜಿಯ ವಿಷಯದ ಸಾಲಿನಲ್ಲಿ ನಿಯಮದ ಹೆಸರು ಮಾತ್ರ ಬದಲಿಸಬೇಕು. ವಯೋನಿವೃತ್ತಿಯವರಿಗೆ ಸಿಗುವ ಎನ್‌ಪಿಎಸ್ ಸೌಲಭ್ಯಗಳೇ ಇವರಿಗೂ ಸಿಗುತ್ತವೆ.

2025ರ ಏಪ್ರಿಲ್‌ನಿಂದ ಬಂದ ಏಕೀಕೃತ ಪಿಂಚಣಿ ಯೋಜನೆಯನ್ನು ಆರಿಸಿಕೊಂಡವರು ಮಾತ್ರ ಅರ್ಜಿ ಬರೆಯುವ ಮೊದಲು ಕ್ಯಾಲೆಂಡರ್ ಮತ್ತೊಮ್ಮೆ ನೋಡಬೇಕು. ಇಲ್ಲಿಯೂ 20 ವರ್ಷಕ್ಕೆ ಸ್ವಯಂ ನಿವೃತ್ತಿ ಉಂಟು. ಆದರೆ ಪೂರ್ಣ ಖಚಿತ ಪಾವತಿಗೆ 25 ವರ್ಷ ಬೇಕು. 20 ವರ್ಷಕ್ಕೆ ಹೊರಬಂದವರಿಗೆ ಅದರ 25ರಲ್ಲಿ 20 ಪಾಲು. ಅದಕ್ಕಿಂತ ಮುಖ್ಯವಾದದ್ದು, ಆ ಮಾಸಿಕ ಹಣ ಹೊರಬಂದ ತಿಂಗಳಿಂದ ಶುರುವಾಗುವುದಿಲ್ಲ. ಸೇವೆಯಲ್ಲಿ ಮುಂದುವರಿದಿದ್ದರೆ ಯಾವ ದಿನ ವಯೋನಿವೃತ್ತಿಯಾಗುತ್ತಿತ್ತೋ ಆ ದಿನದಿಂದ ಶುರು. 46ನೇ ವಯಸ್ಸಿನಲ್ಲಿ ಹೊರಬಂದವರು 60ರವರೆಗೆ, ಹದಿನಾಲ್ಕು ವರ್ಷ, ತಿಂಗಳ ಪಿಂಚಣಿ ಇಲ್ಲದೆ ನಡೆಸಬೇಕು. ಗ್ರಾಚ್ಯುಯಿಟಿ, ರಜೆಯ ನಗದು, ವೈಯಕ್ತಿಕ ನಿಧಿಯ ಶೇ. 60ರವರೆಗಿನ ಹಣ ನಿವೃತ್ತಿಯ ಹೊತ್ತಿಗೇ ಕೈಗೆ ಬರುತ್ತದೆ. ನಡುವೆ ನೌಕರ ತೀರಿಕೊಂಡರೆ ಸಂಗಾತಿಗೆ ಕುಟುಂಬ ಪಾವತಿ ಸಾವಿನ ದಿನದಿಂದಲೇ ಸಿಗುತ್ತದೆ. ಮಕ್ಕಳ ಕಾಲೇಜು ಫೀಸು, ಮನೆ ಸಾಲದ ಕಂತು ಇರುವವರು ಈ ಹದಿನಾಲ್ಕು ವರ್ಷದ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಬೇಕು.

ಒಪ್ಪಿಗೆಯ ಆದೇಶ ಕೈಸೇರಿದ ಮೇಲೆ ಹಳೆ ಪಿಂಚಣಿಯವರು 'ಭವಿಷ್ಯ' ಪೋರ್ಟಲ್‌ನಲ್ಲಿ 6-ಎ ನಮೂನೆಯನ್ನು ತಡಮಾಡದೆ ಭರ್ತಿ ಮಾಡಬೇಕು. ಸಂಗಾತಿಯ ಜೊತೆಗಿನ ಜಂಟಿ ಫೋಟೊ, ಬ್ಯಾಂಕ್ ಖಾತೆಯ ವಿವರ ಸಿದ್ಧವಿರಲಿ. ಸರ್ವಿಸ್ ಬುಕ್ಕಿನಲ್ಲಿರುವ ಹೆಸರು ಮತ್ತು ಆಧಾರ್‌ನ ಹೆಸರು ಅಕ್ಷರಕ್ಕೆ ಅಕ್ಷರ ಹೊಂದುತ್ತವೆಯೇ ಎಂದು ನೋಡಿಕೊಳ್ಳಬೇಕು. ತಂದೆಯ ಹೆಸರಿನ ಮೊದಲಕ್ಷರವನ್ನೋ ಊರಿನ ಹೆಸರನ್ನೋ ಮುಂದಿಟ್ಟು ಬರೆಯುವ ನಮ್ಮವರ ಹೆಸರುಗಳು ಮುಂಬೈ, ದೆಹಲಿಯ ಕಚೇರಿಗಳಲ್ಲಿ ಹಿಂದುಮುಂದಾಗಿ ದಾಖಲಾಗಿರುವುದುಂಟು. ಅದನ್ನು ತಿದ್ದಿಸುವ ಅರ್ಜಿಯನ್ನು ಸೇವೆಯಲ್ಲಿರುವಾಗಲೇ ಕೊಡುವುದು ಸುಲಭ.